ಬೋರ್ಡ್ ಮೇಲೆ ನಿಂತ ತಕ್ಷಣ ಬೀಳುತ್ತೇನೆ, ನನಗೆ ಬ್ಯಾಲೆನ್ಸ್ ಇಲ್ವಾ?

ಪ್ರಶ್ನೆ: ಮೂಲ್ಕಿ ಹತ್ತಿರದ ಸಸಿಹಿತ್ಲು ಬೀಚಿಗೆ ಎರಡು ಸಲ ಬಂದು ಸರ್ಫಿಂಗ್ ಕ್ಲಾಸ್ ತಗೊಂಡೆ. ಎದ್ದು ನಿಂತ ಮರುಕ್ಷಣವೇ ನೀರಲ್ಲಿ ಇರುತ್ತೇನೆ. ನನಗೆ ಬ್ಯಾಲೆನ್ಸ್ ಕಡಿಮೆ ಅನ್ಸುತ್ತೆ. ಮನೆಗೆ ಒಂದು ಬ್ಯಾಲೆನ್ಸ್ ಬೋರ್ಡ್ ತಂದು ಮೂರು ತಿಂಗಳು ಪ್ರಾಕ್ಟೀಸ್ ಮಾಡಿಕೊಂಡು ಬರಲಾ?

ಬೇಡ. ಆ ದುಡ್ಡಲ್ಲಿ ಇನ್ನೊಂದು ಸಲ ಮೂಲ್ಕಿಗೆ ಬನ್ನಿ.

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ, ಅದಕ್ಕೇ ಈ ಸಲ ಉದ್ದಕ್ಕೆ ಬರೆದು ಮುಗಿಸುತ್ತೇನೆ. ಬಿದ್ದವರೆಲ್ಲ ದೂರುವುದು ಬ್ಯಾಲೆನ್ಸನ್ನೇ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅದೇ ಬೋರ್ಡನ್ನು ಶಾಂಭವಿ ಹೊಳೆಯ ನಿಂತ ನೀರಿಗೆ ಇಳಿಸಿ ಎದ್ದು ನಿಲ್ಲಿ. ಆಗಲ್ಲ. ನನಗೂ ಆಗಲ್ಲ, ಇಷ್ಟು ವರ್ಷದ ಮೇಲೂ ಅತ್ತಿತ್ತ ವಾಲಾಡಿ ಬೀಳುತ್ತೇನೆ. ಹಾಗಾದರೆ ಕಡಲಲ್ಲಿ ಹೇಗೆ ನಿಲ್ಲುತ್ತೇನೆ? ಅಲ್ಲಿ ಬೋರ್ಡ್ ಓಡುತ್ತಿರುತ್ತದೆ. ನಿಂತ ಸೈಕಲ್ ಮೇಲೆ ಕೂರೋದು ಸರ್ಕಸ್ಸು, ಓಡುವ ಸೈಕಲ್ ಮೇಲೆ ಕೂರೋದು ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ, ಅಲ್ವಾ? ಇದೂ ಹಾಗೆಯೇ. ಬೋರ್ಡ್‌ಗೆ ವೇಗ ಬಂದಾಗ ಅಡಿಯ ನೀರು ಅದನ್ನು ಎತ್ತಿ ಹಿಡಿಯುತ್ತದೆ, ಹಿಂಭಾಗದ ಅಡಿಯಲ್ಲಿರುವ, ಮೀನಿನ ರೆಕ್ಕೆಯಂಥ ಫಿನ್‌ಗಳು ನೇರ ಓಡಿಸುತ್ತವೆ. ನೀವು ಬೀಳೋದು ಬ್ಯಾಲೆನ್ಸ್ ಇಲ್ಲದೆ ಅಲ್ಲ, ಸೈಕಲ್ ಓಡುವ ಮೊದಲೇ ಎದ್ದು ನಿಲ್ಲುತ್ತೀರಿ, ಅದಕ್ಕೆ.

ಹೋದ ನವೆಂಬರ್‌ನಲ್ಲಿ ಬೆಂಗಳೂರಿಂದ ಒಬ್ಬರು ಬಂದಿದ್ದರು. ನಿಮ್ಮ ಹಾಗೆಯೇ ಮನೆಯಲ್ಲಿ ಹಲಗೆಯ ಮೇಲೆ ತಿಂಗಳುಗಟ್ಟಲೆ ಕಸರತ್ತು ಮಾಡಿ ಬಂದವರು, ಮರಳಿನ ಮೇಲೆ ನಿಂತರೆ ಫೋಟೋ ತೆಗೆಯುವ ಹಾಗಿತ್ತು. ಒಂಬತ್ತು ಅಡಿಯ ಫೋಮ್ ಬೋರ್ಡ್ ಕೊಟ್ಟೆ. ಹನ್ನೊಂದು ಸಲ ಬಿದ್ದರು. ಹನ್ನೆರಡನೆಯದಕ್ಕೆ ಮೊದಲು ತಡೆದು ಹೇಳಿದೆ, ಈ ಸಲ ನಿಲ್ಲಲೇಬೇಡಿ, ಸುಮ್ನೆ ಮಲಗಿಕೊಂಡೇ ದಡದವರೆಗೆ ಬನ್ನಿ. ಬರಲಾಗಲಿಲ್ಲ! ಅಲೆ ಅವರ ಅಡಿಯಿಂದ ದಾಟಿ ಮುಂದೆ ಹೋಯಿತು, ಇವರು ಅಲ್ಲೇ ಉಳಿದರು. ಆಗ ಗೊತ್ತಾಯಿತು, ಅವರು ಒಂದು ಅಲೆಯನ್ನೂ ಹಿಡಿದೇ ಇರಲಿಲ್ಲ.

ಮಲಗಿದ ಜಾಗ ನೋಡಿದೆ. ಬೋರ್ಡಿನ ಮೂತಿ ಒಂದು ಗೇಣು ಮೇಲೆದ್ದಿತ್ತು, ಹಿಂಭಾಗ ನೀರಲ್ಲಿ ಮುಳುಗಿತ್ತು. ಹಾಗಿದ್ದರೆ ಬೋರ್ಡ್ ಜಾರುವುದಿಲ್ಲ, ನೀರನ್ನು ತಳ್ಳುತ್ತಾ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ಮುಂದಕ್ಕೆ ಹೋಗಿ ಎಂದೆ. ಈಗ ಜಾಸ್ತಿ ಮುಂದೆ ಹೋದರು, ಮೂತಿ ನೀರಿಗೆ ಚುಚ್ಚಿಕೊಂಡು ಬೋರ್ಡ್ ಪಲ್ಟಿ. ಕೊನೆಗೆ ಮೂತಿ ನೀರಿಂದ ಎರಡು ಮೂರು ಬೆರಳು ಮೇಲೆ ನಿಲ್ಲುವ ಜಾಗ ಸಿಕ್ಕಿತು. ಅವರ ಗದ್ದ ಬೋರ್ಡಿನ ಮೇಲೆ ಎಲ್ಲಿ ಬಂತೋ ಅಲ್ಲಿ ವ್ಯಾಕ್ಸಿನ ತುಂಡಿನಿಂದ ಒಂದು ಗೀಟು ಎಳೆದೆ. ಆಮೇಲೆ ಪ್ರತಿ ಸಲ ಗದ್ದ ಆ ಗೀಟಿನ ಮೇಲೆ.

ಇನ್ನು ಕೈ. ಅವರು ಪಕ್ಕದಲ್ಲಿ ಪಟಪಟ ನೀರು ಬಡಿಯುತ್ತಿದ್ದರು. ಬಡಿದರೆ ಸದ್ದು ಬರುತ್ತದೆ, ವೇಗ ಬರಲ್ಲ. ಎದೆ ಸ್ವಲ್ಪ ಎತ್ತಿ, ಕಾಲು ಎರಡೂ ಜೋಡಿಸಿ, ಕೈಯನ್ನು ಮುಂದೆ ಚಾಚಿ ಆಳಕ್ಕೆ ಇಳಿಸಿ ಸೊಂಟದವರೆಗೆ ಎಳೆಯಬೇಕು, ಒಂದಾದ ಮೇಲೆ ಒಂದು, ಉದ್ದಕ್ಕೆ. ಅಲೆ ಇನ್ನೂ ಹಿಂದೆ ಇರುವಾಗಲೇ ಶುರು ಮಾಡಿ. ಅಲೆ ತಲುಪಿದಾಗ ಬೋರ್ಡಿನ ಹಿಂಭಾಗ ಎತ್ತಿದ ಹಾಗೆ ಆಗುತ್ತದೆ, ಎಲ್ಲರೂ ಅಲ್ಲೇ ಖುಷಿಯಾಗಿ ಕೈ ಬಿಟ್ಟು ಎದ್ದುಬಿಡುತ್ತಾರೆ. ತಪ್ಪಾಗುವುದು ಅಲ್ಲೇ. ಎತ್ತಿದ ಮೇಲೂ ಎರಡು ಸಲ ಜೋರಾಗಿ ಎಳೆಯಿರಿ. ಕೈ ಆಡಿಸದೆಯೂ ಬೋರ್ಡ್ ತಾನಾಗಿ ಜಾರುತ್ತಿದೆ ಅನ್ನಿಸಿದಾಗ ಮಾತ್ರ ಏಳಿ.

ಏಳುವುದು ಆಮೇಲೆ ಅರ್ಧ ನಿಮಿಷದ ಪಾಠ. ಅಂಗೈ ಎರಡೂ ಪಕ್ಕೆಲುಬಿನ ಹತ್ತಿರ ಬೋರ್ಡಿನ ಮೇಲೆ ಚಪ್ಪಟೆಯಾಗಿ ಊರಬೇಕು. ಅಂಚು ಹಿಡಿದುಕೊಂಡರೆ ಬೋರ್ಡ್ ಮಗುಚುತ್ತದೆ. ಒತ್ತಿ ಎದ್ದು ಮುಂದಿನ ಪಾದವನ್ನು ಎರಡು ಕೈಗಳ ನಡುವೆ ತನ್ನಿ. ಮೊಣಕಾಲೂರಿ ಏಳಬೇಡಿ, ಅದು ಅಭ್ಯಾಸವಾದರೆ ಬಿಡಿಸೋದು ಕಷ್ಟ. ಕಣ್ಣು ದಡದ ತೆಂಗಿನ ಮರದ ಮೇಲೆ ಇರಲಿ. ಪಾದ ನೋಡಿದವರು ಪಾದದ ಕಡೆಗೇ ಬೀಳುತ್ತಾರೆ. ಬೆಂಗಳೂರಿನವರು ಹದಿನಾಲ್ಕನೇ ಸಲಕ್ಕೆ ನಿಂತರು, ಮರಳು ತಾಗುವವರೆಗೆ. ಮೂರು ತಿಂಗಳ ಹಲಗೆ ಅಲ್ಲ, ಒಂದು ಗೀಟು, ಎರಡು ಎಳೆತ.

ಜಾಗದ ಬಗ್ಗೆಯೂ ಒಂದು ಮಾತು. ಕೆಲವರು ಕ್ಲಾಸ್ ಮುಗಿದ ಮೇಲೆ ತಾವೇ ಬೋರ್ಡ್ ಬಾಡಿಗೆಗೆ ತಗೊಂಡು ಎಲ್ಲೆಂದರಲ್ಲಿ ಇಳಿಯುತ್ತಾರೆ. ಮೊದಲು ಹತ್ತು ನಿಮಿಷ ದಡದಲ್ಲಿ ಕೂತು ನೋಡಿ. ಅಲೆ ದೂರದಲ್ಲೇ ಒಡೆದು, ತಲೆಯಿಂದ ನೊರೆ ಸುರಿಸುತ್ತಾ ನಿಧಾನಕ್ಕೆ ದಡಕ್ಕೆ ಬರುತ್ತಿದ್ದರೆ ಅಡಿಯ ಮರಳು ಇಳಿಜಾರು ಕಡಿಮೆ ಎಂದರ್ಥ. ಸೊಂಟದ ಮಟ್ಟದ ನೀರಲ್ಲಿ ಆ ನೊರೆಯೇ ನಿಮ್ಮನ್ನು ತಳ್ಳುತ್ತದೆ, ಕಲಿಯುವವರಿಗೆ ಅದೇ ಬೇಕು. ದಡದ ಮೇಲೇ ಧೊಪ್ಪೆಂದು ಕುಸಿಯುವ ಅಲೆ ಇದ್ದರೆ ಅಂದು ನೀರು ದೋಸೆ ತಿಂದು ಹೋಗಿ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಂಡರೆ ಅದು ಸುರಕ್ಷಿತ ಜಾಗ ಅಲ್ಲ, ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ಸೆಳೆತ. ಸಿಕ್ಕಿಬಿದ್ದರೆ ಬೋರ್ಡ್ ಬಿಡಬೇಡಿ, ಸೆಳೆತಕ್ಕೆ ಎದುರಾಗಿ ದಡದತ್ತ ಹೋರಾಡದೆ ಪಕ್ಕಕ್ಕೆ ಹೋಗಿ. ಸಸಿಹಿತ್ಲಲ್ಲಿ ನಂದಿನಿ, ಶಾಂಭವಿ ಕಡಲು ಸೇರುವ ಅಳಿವೆಯ ಹತ್ತಿರವಂತೂ ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಹೋದ ತಿಂಗಳ ಲೆಕ್ಕ ಈ ತಿಂಗಳಿಗೆ ನಡೆಯಲ್ಲ. ಮಳೆ ಮುಗಿದ ಮೇಲೆ ಬನ್ನಿ, ಬೆಳಗ್ಗೆ ಬೇಗ ಬನ್ನಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ನೀರೆಲ್ಲ ಗಜಿಬಿಜಿ. ಈಜು ಬರಬೇಕಾ ಅಂತ ಕೇಳಬೇಡಿ. ಬರಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಲ್ಲಲು ಬಂದ ಮರುದಿನವೇ ಜಗಳ ಶುರುವಾಗುತ್ತದೆ. ಒಂದು ಅಲೆಗೆ ಒಬ್ಬರು. ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಅವರು ಬರುತ್ತಿರುವಾಗ ಮುಂದೆ ಎದ್ದರೆ ಇಬ್ಬರಿಗೂ ಪೆಟ್ಟು. ಒಳಗೆ ಹೋಗುವಾಗ ಅವರ ದಾರಿಗೆ ಅಡ್ಡ ಹೋಗದೆ ಸುತ್ತಿಕೊಂಡು ಹೋಗಿ. ಬೋರ್ಡಿನ ಹಗ್ಗ, ಅಂದರೆ ಲೀಶ್, ಕಾಲಿಗೆ ಕಟ್ಟಿದೆ ಅಂತ ದೊಡ್ಡ ಅಲೆ ಬಂದಾಗ ಬೋರ್ಡ್ ಬಿಸಾಡಿ ಮುಳುಗಬೇಡಿ. ಬೋರ್ಡಿನ ಉದ್ದ, ಲೀಶಿನ ಉದ್ದ ಸೇರಿ ಹಿಂದೆ ಹದಿನೆಂಟು ಅಡಿಯವರೆಗೆ ಅದು ಬೀಸುತ್ತದೆ, ಅಲ್ಲಿ ಯಾರದೋ ಮಗು ಇರಬಹುದು. ತಪ್ಪಾಗಿ ಅಡ್ಡ ಬಂದರೆ ಕೈ ಎತ್ತಿ ಸಾರಿ ಅನ್ನಿ, ಮುಂದಿನ ಒಂದೆರಡು ಅಲೆ ಬಿಟ್ಟುಕೊಡಿ.

ನಮ್ಮ ಕಡೆ ಇದಕ್ಕಿಂತ ಹಳೆಯ ಇನ್ನೊಂದು ಲೆಕ್ಕ ಇದೆ, ಅದು ಯಾವ ಸರ್ಫಿಂಗ್ ವಿಡಿಯೋದಲ್ಲೂ ಬರಲ್ಲ. ದಡದಿಂದ ಕೈಯಲ್ಲೇ ಬಲೆ ಎಳೆದು ಮೀನು ಹಿಡಿಯುವ ಕೈರಂಪಣಿಯವರು ಬಲೆ ಬಿಟ್ಟಿದ್ದರೆ ಆ ಜಾಗ ಅವರದು. ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಂದು, ದಡದಲ್ಲಿ ಎರಡು ಕಡೆ ಜನ ಹಗ್ಗ ಹಿಡಿದು ನಿಂತಿದ್ದಾರೆ ಎಂದರೆ ನೀವು ಹೊರಗೆ ಬರಬೇಕು, ಅಲೆ ಎಷ್ಟೇ ಚೆನ್ನಾಗಿರಲಿ. ಫಿನ್‌ಗೆ ಸಿಕ್ಕರೆ ಬಲೆ ಹರಿಯುತ್ತದೆ, ಅದನ್ನು ಹೆಣೆಯುವ ಕೆಲಸ ಯಾರದ್ದು ಅಂತ ಯೋಚಿಸಿ. ಹೊರಗೆ ಬಂದ ಮೇಲೆ ಸುಮ್ನೆ ನಿಂತು ನೋಡಬೇಡಿ, ಹಗ್ಗಕ್ಕೆ ಕೈ ಹಾಕಿ. ಪ್ಯಾಡಲ್ ಮಾಡಿ ಬಿದ್ದುಹೋದ ತೋಳಿಗೆ ಅದು ಇನ್ನೂ ಭಾರ ಅನ್ಸುತ್ತೆ, ಆದರೆ ನಮ್ಮ ಬೆಂಗಳೂರಿನವರು ಎಳೆದರು, ಹೋಗುವಾಗ ಅವರ ಕೈಯಲ್ಲಿ ಒಂದು ಚೀಲ ಬೂತಾಯಿ ಮೀನು ಇತ್ತು.