ಮೊದಲು ಗ್ರೇನ್ ತೆಗೆಯಿರಿ, ಬ್ರೈಟ್‌ನೆಸ್ ಆಮೇಲೆ

ಮನೆಯೊಳಗೆ ಫೋನಿನಲ್ಲಿ ತೆಗೆದ ವಿಡಿಯೋ ಕತ್ತಲಾಗಿ ಬಂದರೆ ಎಲ್ಲರೂ ಮೊದಲು ಮಾಡುವುದು ಒಂದೇ, ಬ್ರೈಟ್‌ನೆಸ್ ಏರಿಸುವುದು. ಆಗ ಮುಖದ ಜೊತೆಗೆ ಗ್ರೇನ್, ಅಂದರೆ ಚಿತ್ರದ ತುಂಬ ಕುಣಿಯುವ ಸಣ್ಣ ಚುಕ್ಕೆಗಳು ಕೂಡ ಬೆಳಗುತ್ತವೆ. ಮೊದಲು ಗ್ರೇನ್ ತೆಗೆದು, ಆಮೇಲೆ ಬೆಳಕು ಏರಿಸಿದರೆ ಅದೇ ಕ್ಲಿಪ್ ಎಷ್ಟೋ ಚೆನ್ನಾಗಿ ಕಾಣುತ್ತದೆ.

ಇತ್ತೀಚೆಗೆ ನನ್ನ ಕೈಗೆ ಬಂದ ಒಂದು ಸೀಮಂತದ ವಿಡಿಯೋ ನೋಡಿ. ರಾತ್ರಿ ಹೊತ್ತು, ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್. ಮೊದಲು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಬಂದದ್ದನ್ನು ಬಿಟ್ಟು, ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಂಡೆ. ಕತ್ತಲಿರುವ ಗೋಡೆಯನ್ನು ದೊಡ್ಡದು ಮಾಡಿ, ಕ್ಲಿಪ್ ಓಡಿಸಿ ನೋಡಿದೆ. ಕೆಂಪು, ಹಸಿರು ಚುಕ್ಕೆಗಳು ಪ್ರತಿ ಫ್ರೇಮ್‌ನಲ್ಲೂ ಜಾಗ ಬದಲಿಸುತ್ತಿದ್ದವು. ಇದು ಸೆನ್ಸರ್‌ನ ನಾಯ್ಸ್, ತೆಗೆಯಲು ಬರುತ್ತದೆ. ಚುಕ್ಕೆಗಳ ಬದಲು ಚೌಕ ಚೌಕವಾದ ತೇಪೆಗಳು ಕಂಡರೆ ಅದು ಕಂಪ್ರೆಷನ್ ಪೆಟ್ಟು. ಅಲ್ಲಿದ್ದ ವಿವರ ಹೋದದ್ದೇ, ವಾಪಸ್ ತರಲಾಗದು.

ನಾನು ಎಡಿಟಿಂಗ್‌ಗೆ ಬಳಸುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ನಾಯ್ಸ್ ತೆಗೆಯುವ ನಾಯ್ಸ್ ರಿಡಕ್ಷನ್ ಇಲ್ಲ. ಹಾಗಾಗಿ ಈ ಕೆಲಸಕ್ಕೆ ವಿಡಿಯೋ ಕನ್ವರ್ಟ್ ಮಾಡುವ ಉಚಿತ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್ ಸಾಕು. Filters ವಿಭಾಗದಲ್ಲಿ Denoise ಅನ್ನು NLMeans ಮಾಡಿ, Preset ಅನ್ನು Light ಇಡಿ. Video ವಿಭಾಗದಲ್ಲಿ ಗುಣಮಟ್ಟ ನಿರ್ಧರಿಸುವ RF ಸಂಖ್ಯೆ 16ರ ಆಸುಪಾಸು ಇರಲಿ, Constant Framerate ಆರಿಸಿ. ಫೋನುಗಳು ಕಡಿಮೆ ಬೆಳಕಲ್ಲಿ ಫ್ರೇಮ್ ರೇಟ್ ಏರುಪೇರು ಮಾಡುತ್ತವೆ. ಅದನ್ನು ಹಾಗೇ ಬಿಟ್ಟರೆ ಎಡಿಟಿಂಗ್‌ನಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗಬಹುದು. NLMeans ತುಂಬಾ ನಿಧಾನ, ಅದಕ್ಕೆ ಮೊದಲು ಹತ್ತು ಸೆಕೆಂಡಿನ ತುಣುಕಿನಲ್ಲಿ ಪರೀಕ್ಷೆ ಮಾಡಿ.

ಆ ತುಣುಕಿಗೆ ನಾನು ಆರತಿ ಎತ್ತುವ ಭಾಗ ಆರಿಸಿಕೊಂಡೆ. ಅಲ್ಲಿ ಕೈ ಆಡುತ್ತದೆ, ಸೀರೆಯ ಜರಿಯೂ ಇದೆ. Strong ಹಾಕಿದಾಗ ಜರಿಯ ಎಳೆಗಳು ಕರಗಿ ಹೋದವು, ಅಜ್ಜಿಯ ಕೆನ್ನೆ ಮೇಣದಂತಾಯಿತು. Light ಹಾಕಿದಾಗ ಸ್ವಲ್ಪ ಗ್ರೇನ್ ಉಳಿಯಿತು, ಜರಿಯೂ ಉಳಿಯಿತು. ನನಗೆ ಅದೇ ಸರಿ ಅನ್ನಿಸಿತು. ಅಜ್ಜಿಯ ಸುಕ್ಕುಗಳನ್ನು ಒರೆಸಿ ಹಾಕುವುದಕ್ಕಿಂತ ನಾಲ್ಕು ಚುಕ್ಕೆ ಇದ್ದರೆ ಇರಲಿ, ಅಲ್ವಾ?

ಇನ್ನು ಬೆಳಕು. ಗ್ರೇನ್ ತೆಗೆದ ಫೈಲನ್ನು ರಿಸಾಲ್ವ್‌ಗೆ ತಂದು, Color ಪುಟದಲ್ಲಿ ನಡುಮಟ್ಟದ ಬೆಳಕನ್ನು ಬದಲಿಸುವ Gamma ಚಕ್ರವನ್ನು ಮುಖಗಳು ಕಾಣುವಷ್ಟು ಏರಿಸಿ. ಕತ್ತಲ ಭಾಗವನ್ನು ಬದಲಿಸುವ Lift ಏರಿಸಬೇಡಿ, ಚೂರು ಇಳಿಸಿ. ಕಪ್ಪು ಕಪ್ಪಾಗೇ ಇದ್ದರೆ ಉಳಿದ ನಾಯ್ಸ್ ಅದರಲ್ಲಿ ಮುಚ್ಚಿಹೋಗುತ್ತದೆ. ಕೂದಲು, ಗೋಡೆಯ ಮೂಲೆಗಳು ಬೂದುಬಣ್ಣಕ್ಕೆ ತಿರುಗಿದರೆ ಜಾಸ್ತಿ ಆಯಿತು ಅಂತಲೇ ಅರ್ಥ. ಮೂಲೆಗಳಲ್ಲಿ ಇನ್ನೂ ಬಣ್ಣದ ಚುಕ್ಕೆ ಕಂಡರೆ, ಬೆಳಕಿನ ಮಟ್ಟಕ್ಕೆ ತಕ್ಕಂತೆ ಬಣ್ಣದ ಗಾಢತೆ ಬದಲಿಸುವ Lum Vs Sat ಕರ್ವ್‌ನ ಎಡತುದಿಯನ್ನು ಕೆಳಗೆಳೆಯಿರಿ. ಕತ್ತಲ ಭಾಗದ ಬಣ್ಣ ಮಾತ್ರ ತಗ್ಗುತ್ತದೆ, ಸೀರೆಯ ಹಸಿರಿಗೆ ಏನೂ ಆಗುವುದಿಲ್ಲ.