ಸೀಸನಾಲಿಟಿ ಹೊಂದಾಣಿಕೆ ಎಂದರೆ ‘ಹೋದ ವರ್ಷದ ಅದೇ ತಿಂಗಳು’ ಅಲ್ಲ

“ಹೋದ ವರ್ಷದ ಸೆಪ್ಟೆಂಬರ್‌ಗೆ ಹೋಲಿಸಿದ್ದೇವೆ, ಆದ್ದರಿಂದ ಸೀಸನಾಲಿಟಿ ಅಡ್ಜಸ್ಟ್ ಆಗಿದೆ.” ಜಾಹೀರಾತು ವರದಿಗಳಲ್ಲಿ ಈ ಸಾಲು ಮತ್ತೆ ಮತ್ತೆ ಕಾಣಿಸುತ್ತಿದೆ. ಅಡ್ಜಸ್ಟ್ ಆಗಿರುವುದಿಲ್ಲ. ಹಬ್ಬ ಬಂದರೆ ಜಾಹೀರಾತು ಇರಲಿ ಬಿಡಲಿ, ಜನ ಕೊಳ್ಳುತ್ತಾರೆ. ಆ ಏರಿಕೆಯನ್ನು ಲೆಕ್ಕದಿಂದ ತೆಗೆದು, ಉಳಿದದ್ದನ್ನು ಸಾಮಾನ್ಯ ವಾರಗಳ ಪಕ್ಕ ಇಟ್ಟು ನೋಡುವುದೇ ಸೀಸನಾಲಿಟಿ ಹೊಂದಾಣಿಕೆ.

ಹೋದ ವರ್ಷದ ಅದೇ ತಿಂಗಳು ಇದಕ್ಕೆ ಏಕೆ ಸಾಲದು ಎಂದರೆ, ನಮ್ಮ ಬಹುತೇಕ ಹಬ್ಬಗಳು ನಡೆಯುವುದು ತಿಥಿಯ ಮೇಲೆ. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದು. ಹೀಗಾಗಿ ಹಬ್ಬ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ರಂದು ಬಂತು, ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ರಂದು. ಅಂದರೆ ಸೆಪ್ಟೆಂಬರ್‌ನ ಕೊನೆಯ ವಾರವೆಲ್ಲ ಪಿತೃಪಕ್ಷ. ಸೀರೆ, ಚಿನ್ನ, ಗಾಡಿ ಯಾವುದನ್ನೂ ಮನೆಗೆ ತರಲು ಬಹಳ ಜನ ಮನಸ್ಸು ಮಾಡದ ದಿನಗಳು. 2025ರಲ್ಲಿ ಗಣೇಶ ಆಗಸ್ಟ್ 27ಕ್ಕೇ ಬಂದುಹೋದ, ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಸೆಪ್ಟೆಂಬರ್ 22ರಿಂದ 30ರವರೆಗಿನ ಅದೇ ಒಂಬತ್ತು ದಿನಗಳು ಒಂದು ವರ್ಷ ಪಿತೃಪಕ್ಷ, ಮರುವರ್ಷ ನವರಾತ್ರಿ! ಇವೆರಡನ್ನು ಹೋಲಿಸಿ “ನಮ್ಮ ಕ್ಯಾಂಪೇನ್ ಚೆನ್ನಾಗಿ ಕೆಲಸ ಮಾಡಿದೆ” ಎನ್ನುವವರು ಪಂಚಾಂಗದ ಕೆಲಸವನ್ನು ತಮ್ಮ ಖಾತೆಗೆ ಬರೆದುಕೊಳ್ಳುತ್ತಿದ್ದಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನವರಾತ್ರಿ ಪೂರ್ತಿ ಅಕ್ಟೋಬರ್‌ನಲ್ಲೇ. ಆ ಸೆಪ್ಟೆಂಬರ್ ವರದಿಯಲ್ಲಿ ಇದೇ ಜನರ ಜಾಹೀರಾತು ‘ಕುಸಿದಂತೆ’ ಕಾಣುತ್ತದೆ, ಯಾವ ತಪ್ಪೂ ಮಾಡದಿದ್ದರೂ.

ಆದ್ದರಿಂದ ಮೊದಲ ಹೆಜ್ಜೆ ತಾರೀಖನ್ನು ಬಿಟ್ಟು ಹಬ್ಬದಿಂದ ದಿನ ಎಣಿಸುವುದು. ವಿಜಯದಶಮಿಗೆ ಹತ್ತು ದಿನ ಮೊದಲು, ಐದು ದಿನ ಮೊದಲು, ಹೀಗೆ ಸಾಲು ಹೊಂದಿಸಿ ವರ್ಷ ವರ್ಷ ಹೋಲಿಸಬೇಕು.

ಎರಡನೆಯದು ಹಬ್ಬದ ಏರಿಕೆ ಎಷ್ಟು ಪಟ್ಟು ಎಂದು ಕಂಡುಕೊಳ್ಳುವುದು. ಆನ್‌ಲೈನ್‌ನಲ್ಲಿ ರೇಷ್ಮೆ ಸೀರೆ ಮಾರುವ ಒಂದು ಅಂಗಡಿ ಎಂದುಕೊಳ್ಳಿ. ಸಾಮಾನ್ಯ ವಾರದಲ್ಲಿ ₹50,000 ಜಾಹೀರಾತಿಗೆ 100 ಆರ್ಡರ್, ಅಂದರೆ ಆರ್ಡರಿಗೆ ₹500. ನವರಾತ್ರಿಯ ವಾರದಲ್ಲಿ ₹1,00,000ಕ್ಕೆ 300 ಆರ್ಡರ್, ಆರ್ಡರಿಗೆ ₹333. ವರದಿ ಇಲ್ಲಿಗೇ ನಿಂತು ಸಂಭ್ರಮಿಸುತ್ತದೆ. ಆದರೆ ಜಾಹೀರಾತನ್ನೇ ತೋರಿಸದ ಜಿಲ್ಲೆಗಳಲ್ಲಿ ವಾರಕ್ಕೆ 50 ಇದ್ದ ಆರ್ಡರ್ ಆ ವಾರ 90 ಆಗಿದೆ. ಇದು 1.8 ಪಟ್ಟು, ಹಬ್ಬ ತಾನಾಗಿ ತಂದದ್ದು. 300ನ್ನು 1.8ರಿಂದ ಭಾಗಿಸಿದರೆ ಸುಮಾರು 167. ₹1,00,000ಕ್ಕೆ 167 ಎಂದರೆ ಆರ್ಡರಿಗೆ ಸುಮಾರು ₹600. ಜಾಹೀರಾತು ಸಾಮಾನ್ಯ ವಾರಕ್ಕಿಂತ ದುಬಾರಿಯಾಗಿಯೇ ಕೆಲಸ ಮಾಡಿದೆ. ಆನ್‌ಲೈನ್ ಜಾಹೀರಾತಿನ ಜಾಗ ಹರಾಜಿನಲ್ಲಿ ಸಿಗುವಂಥದ್ದು, ಹಬ್ಬದಲ್ಲಿ ಎಲ್ಲರೂ ಅದಕ್ಕೆ ಮುಗಿಬೀಳುವುದರಿಂದ ದರ ಏರುತ್ತದೆ. ಖರ್ಚು ದುಪ್ಪಟ್ಟು ಮಾಡಿದಾಗ ಮೊದಲಿನಷ್ಟು ಆಸಕ್ತಿ ಇಲ್ಲದವರಿಗೂ ಅದು ತಲುಪುತ್ತದೆ.

ಹಾಗೆಂದು ಆ ವಾರ ಖರ್ಚು ಮಾಡಿದ್ದು ತಪ್ಪು ಎಂದಲ್ಲ. 300 ಆರ್ಡರಿನ ಹಣ ನಿಜವಾಗಿಯೂ ಬಂದಿದೆ. ₹600 ಎಂಬ ಅಂಕಿ ಜಾಹೀರಾತಿನ ಗುಣ ಅಳೆಯುವುದಕ್ಕೆ, ಲಾಭ ನಷ್ಟದ ಲೆಕ್ಕಕ್ಕಲ್ಲ.

1.8 ಎಲ್ಲಿಂದ ಬಂತು ಎನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ. ಬಹಳ ಮಂದಿ ಹಿಂದಿನ ವರ್ಷಗಳ ಒಟ್ಟು ಮಾರಾಟದಿಂದ ಇದನ್ನು ತೆಗೆಯುತ್ತಾರೆ. ಆ ವರ್ಷಗಳಲ್ಲೂ ಹಬ್ಬಕ್ಕೆ ಜಾಹೀರಾತು ಹೆಚ್ಚಿಸಿದ್ದರೆ, ಅದರ ಫಲವೂ ‘ಸೀಸನ್’ ಒಳಗೆ ಸೇರಿಬಿಟ್ಟಿರುತ್ತದೆ. ಆಗ ಭಾಗಿಸಿದರೆ ಜಾಹೀರಾತಿಗೆ ಅನ್ಯಾಯ. ಜಾಹೀರಾತು ಮುಟ್ಟದ ಜಿಲ್ಲೆಗಳೇ ವಾಸಿ, ಆದರೆ ಹಬ್ಬದ ಕೊಳ್ಳುವಿಕೆಯಲ್ಲಿ ಅವು ಉಳಿದ ಜಿಲ್ಲೆಗಳಂತೆಯೇ ಇರಬೇಕು. ದಸರೆಯ ಮೈಸೂರಿನ ಏರಿಕೆಯನ್ನು ಬೇರೆ ಊರಿನ ಅಂಕಿಯಿಂದ ಅಳೆಯಲಾಗದು.

ಒಮ್ಮೆ ಮಾತ್ರ ನಡೆಯುವ ಘಟನೆಯನ್ನು ಹಳೆಯ ವರ್ಷಗಳ ಅಂಕಿ ಹಿಡಿಯಲಾರದು. 2025ರ ಸೆಪ್ಟೆಂಬರ್ 22ರಂದೇ ಏಸಿ, ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಆ ನವರಾತ್ರಿಯ ಟಿವಿ ಮಾರಾಟವನ್ನು ಮಾದರಿಯಾಗಿಟ್ಟುಕೊಂಡು 2026ಕ್ಕೆ ಸೀಸನ್ ಅಂಕಿ ಕಟ್ಟುವವರು ಇದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು.

ಗೂಗಲ್ ಆ್ಯಡ್ಸ್‌ನಲ್ಲಿರುವ Seasonality adjustments ಇದಲ್ಲ. ಅದು ಮುಂದಿನ ಕೆಲವೇ ದಿನಗಳಲ್ಲಿ ಕನ್ವರ್ಷನ್ ದರ, ಅಂದರೆ ಜಾಹೀರಾತು ಒತ್ತಿದವರಲ್ಲಿ ಕೊಳ್ಳುವವರ ಪ್ರಮಾಣ, ಇಷ್ಟು ಬದಲಾಗುತ್ತದೆ ಎಂದು ಹರಾಜಿನ ಬಿಡ್ ತಾನಾಗಿ ನಿರ್ಧರಿಸುವ ಸ್ಮಾರ್ಟ್ ಬಿಡ್ಡಿಂಗ್‌ಗೆ ಮೊದಲೇ ತಿಳಿಸುವ ಸಾಧನ. ಒಂದರಿಂದ ಏಳು ದಿನಗಳ ಮಾರಾಟಕ್ಕೆಂದು ಮಾಡಿದ್ದು. ಅದು ಬಿಡ್ ಬದಲಿಸುತ್ತದೆಯೇ ಹೊರತು, ಮುಗಿದ ತಿಂಗಳ ವರದಿಯ ಒಂದು ಅಂಕಿಯನ್ನೂ ಸರಿಪಡಿಸುವುದಿಲ್ಲ.