ಎದುರಿನ ಅಂಗಡಿಗೆ ಗಾಳಿ, ನಮ್ಮ ಅಂಗಡಿಗೆ ಹೊಗೆ

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಕಾಕಾ ಅವರ ಬಟ್ಟೆ ಅಂಗಡಿ ಇದೆ. ಓಣಿ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಅಂಗಡಿ ಇರುವುದು ಪಶ್ಚಿಮದ ಸಾಲಿನಲ್ಲಿ, ಬಾಗಿಲು ಪೂರ್ವಕ್ಕೆ. ಹೋದ ಮಳೆಗಾಲದಲ್ಲಿ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿತು. “ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸತೈತಿ. ಹಂಗಂದ್ರ ಹೊಗಿ ಎದುರಿನವ್ರ ಕಡೆ ಹೋಗಬೇಕಿಲ್ಲೋ? ನಮ್ಮ ಅಂಗಡ್ಯಾಗ ಬಂದು ನಿಲ್ತದ. ದೀಪಾವಳಿ ಆತಂದ್ರ ಎರಡೂ ಕಡೆ ಒಂದ ಆಗತೈತಿ.”

ಮೂವತ್ತು ವರ್ಷ ಅದೇ ಗಲ್ಲಾದ ಮೇಲೆ ಕೂತವರು ಸುಮ್ನೆ ಹೇಳುವ ಮಾತಲ್ಲ ಇದು. ಅವರು ಕಂಡಿದ್ದು ಪೂರ್ತಿ ಸರಿ. ಎರಡೂ ಕಡೆ ಎತ್ತರದ ಕಟ್ಟಡ ಇರುವ ಇಕ್ಕಟ್ಟಾದ ರಸ್ತೆಯನ್ನು ಹವೆಯ ಬಗ್ಗೆ ಕೆಲಸ ಮಾಡುವವರು ‘ಸ್ಟ್ರೀಟ್ ಕ್ಯಾನಿಯನ್’ ಎನ್ನುತ್ತಾರೆ. ಅಂದರೆ ರಸ್ತೆಯೇ ಒಂದು ಕಮರಿ ಇದ್ದಂತೆ. ಆ ಕಮರಿಯೊಳಗೆ ಗಾಳಿ ನಾವು ಅಂದುಕೊಂಡ ದಿಕ್ಕಿಗೆ ಹೋಗುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬರುತ್ತದೆ. ಅದು ಕಾಕಾ ಅವರ ಕಟ್ಟಡದ ಟೆರೇಸ್ ದಾಟಿ ಮುಂದೆ ಹೋಗಿ ಎದುರಿನ ಸಾಲಿನ ಗೋಡೆಗೆ ಬಡಿಯುತ್ತದೆ. ಒಂದಷ್ಟು ಗಾಳಿ ಆ ಗೋಡೆ ಹಿಡಿದು ಕೆಳಗಿಳಿಯುತ್ತದೆ. ರಸ್ತೆ ಮುಟ್ಟಿದ ಮೇಲೆ ಅದು ವಾಪಸ್ ಪಶ್ಚಿಮಕ್ಕೆ ತಿರುಗಿ, ಬೈಕ್, ಆಟೋ, ಗೂಡ್ಸ್ ಗಾಡಿಗಳ ಹೊಗೆಯನ್ನು ಗುಡಿಸಿಕೊಂಡು ಕಾಕಾ ಅವರ ಮೆಟ್ಟಿಲಿಗೆ ತಂದು ಹಾಕುತ್ತದೆ. ಆಮೇಲೆ ಅವರ ಗೋಡೆ ಹಿಡಿದು ಮೇಲೇರುತ್ತದೆ. ಒಂದಿಷ್ಟು ಹೊಗೆ ಟೆರೇಸ್ ಮಟ್ಟದಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ಇನ್ನೊಂದು ಸುತ್ತಿಗೆ ಮತ್ತೆ ಕೆಳಗಿಳಿಯುತ್ತದೆ. ರಸ್ತೆಯ ಉದ್ದಕ್ಕೂ ಮಲಗಿದ ಒಂದು ಸುಳಿ ಹೀಗೆ ತಿರುಗುತ್ತಲೇ ಇರುತ್ತದೆ. ಎದುರಿನವರಿಗೆ ಮೇಲಿಂದ ಇಳಿದ ಕೊಂಚ ಚೊಕ್ಕ ಗಾಳಿ ಸಿಗುತ್ತದೆ. ಗಾಳಿಗೆ ಬೆನ್ನು ಕೊಟ್ಟವರಿಗೆ ಹೊಗೆ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಸ್ಯಾನ್ ಹೋಸೆ ಊರಿನಲ್ಲಿ ಕೆಲಸ ಮಾಡಿದ ಜಾನ್ಸನ್ ಮತ್ತು ಅವರ ಜೊತೆಗಾರರು. 1973ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಅಳೆದದ್ದು ಕಾರ್ಬನ್ ಮಾನಾಕ್ಸೈಡ್. ಪೇಟೆ ರಸ್ತೆಯಲ್ಲಿ ಅದು ಬಹುಪಾಲು ಗಾಡಿಗಳಿಂದಲೇ ಬರುತ್ತದೆ, ಬೇಗ ಬೇರೆ ಅನಿಲವಾಗಿ ಬದಲಾಗುವುದಿಲ್ಲ. ಹಾಗಾಗಿ ಹೊಗೆಯ ಜಾಡು ಹಿಡಿಯಲು ಒಳ್ಳೆಯದು. ಅವರು ರಸ್ತೆಯ ಎರಡು ಪಕ್ಕಕ್ಕೂ ಬೇರೆ ಬೇರೆ ಸೂತ್ರ ಕೊಟ್ಟರು. ಟೆರೇಸ್ ಮಟ್ಟದ ಗಾಳಿಯ ವೇಗಕ್ಕೆ ಸೆಕೆಂಡಿಗೆ ಅರ್ಧ ಮೀಟರ್ ಸೇರಿಸಿದರು. ಗಾಳಿ ಇಲ್ಲದಿದ್ದರೂ ಓಡಾಡುವ ಗಾಡಿಗಳೇ ಹವೆಯನ್ನು ಕಲಕುತ್ತವೆ ಅಲ್ವಾ, ಆ ಅರ್ಧ ಮೀಟರ್ ಅದರ ಲೆಕ್ಕ.

ಅದೇ ಸೂತ್ರವನ್ನು ನಮ್ಮ ಓಣಿಯಂಥ ರಸ್ತೆಗೆ ಹಾಕಿ ನೋಡಿದೆ. ಅಗಲ 8 ಮೀಟರ್, ಎರಡೂ ಕಡೆ ಮೂರಂತಸ್ತು, ಅಂದರೆ ಸುಮಾರು 10 ಮೀಟರ್ ಎತ್ತರ ಎಂದುಕೊಳ್ಳಿ. ಗಾಡಿಗಳು ನಡುವೆ ಹೋಗುತ್ತಿವೆ. ಗಲ್ಲಾದ ಮೇಲೆ ಕೂತವರ ಮೂಗು ನೆಲದಿಂದ ಒಂದೂವರೆ ಮೀಟರ್ ಮೇಲಿದೆ. ಗಾಡಿಗಳ ಹೊಗೆಯಿಂದ ಪಶ್ಚಿಮದ ಸಾಲಿಗೆ ಸಿಗುವ ಪಾಲು ಪೂರ್ವದ ಸಾಲಿಗಿಂತ ಒಂದೂವರೆ ಪಟ್ಟು ಬರುತ್ತದೆ. ನಡುವೆ ಇರುವುದು ಒಂದೇ ರಸ್ತೆ. ಟೆರೇಸಿನ ಗಾಳಿ ಸೆಕೆಂಡಿಗೆ 4.5 ಮೀಟರಿನಿಂದ 2 ಮೀಟರಿಗೆ ಇಳಿದರೆ ಎರಡೂ ಕಡೆಯ ಹೊಗೆ ಇಮ್ಮಡಿಯಾಗುತ್ತದೆ, ಗಾಡಿಗಳ ಸಂಖ್ಯೆ ಅಷ್ಟೇ ಇದ್ದರೂ. ಇದು ಅಂದಾಜಿನ ಸೂತ್ರ. ಪರದೆ, ಚಜ್ಜಾ, ಅಡ್ಡ ಓಣಿ ಯಾವುದೂ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ದೀಪಾವಳಿ ನಂತರ ಎರಡೂ ಕಡೆ ಒಂದೇ ಆಗುವುದು ಏಕೆ? ಅದಕ್ಕೆ ಉತ್ತರ 1986ರಲ್ಲಿ ಷಿಕಾಗೋದ ಒಂದು ರಸ್ತೆಯ ಅಳತೆಯಿಂದ ಸಿಕ್ಕಿತು. ಮೇಲಿನ ಗಾಳಿ ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್ ಆದರೂ ಇದ್ದರೆ ಮಾತ್ರ ಸುಳಿ ಸರಿಯಾಗಿ ತಿರುಗುತ್ತದೆ. ಚಳಿಗಾಲದ ಸಂಜೆ ನಮ್ಮಲ್ಲಿ ಗಾಳಿ ಸತ್ತಂತೆ ಇರುತ್ತದೆ. ಸುಳಿ ನಿಂತುಹೋಗುತ್ತದೆ. ಹೊಗೆ ಯಾವ ಕಡೆಗೂ ಸರಿಯದೆ ಓಣಿಯ ತುಂಬ ನಿಲ್ಲುತ್ತದೆ.

ಈ ಓಣಿಗಳು ಮೊದಲಿನಿಂದ ಹೀಗಿರಲಿಲ್ಲ. 1880ರ ದಶಕದಲ್ಲಿ ರೈಲು ಬಂತು, ಹತ್ತಿ ವ್ಯಾಪಾರ ಬೆಳೆಯಿತು, ಪೇಟೆ ತುಂಬಿತು. ರಸ್ತೆಯ ಅಳತೆ ಮಾತ್ರ ಚಕ್ಕಡಿಯದೇ. ಹಳೆಯ ಮಾಳಿಗೆ ಮನೆ ಒಂದಂತಸ್ತು, ಸುಮಾರು 4 ಮೀಟರ್ ಎತ್ತರ. 8 ಮೀಟರ್ ಓಣಿಗೆ ಎತ್ತರ ಅಗಲದ ಅರ್ಧ ಆಯಿತು. ಕೆನಡಾದ ಹವಾಮಾನ ವಿಜ್ಞಾನಿ ಟಿ. ಆರ್. ಓಕ್ 1988ರಲ್ಲಿ ಈ ಅನುಪಾತವನ್ನೇ ಹಿಡಿದು ರಸ್ತೆಗಳನ್ನು ವಿಂಗಡಿಸಿದರು. ಎತ್ತರವು ಅಗಲದ ಸುಮಾರು 0.7 ಪಾಲು ದಾಟಿದರೆ ಮೇಲಿನ ಗಾಳಿ ಬಹುಪಾಲು ಚಾವಣಿಗಳ ಮೇಲೇ ಜಾರಿ ಹೋಗುತ್ತದೆ. ಒಳಗೆ ಉಳಿಯುವುದು ಸುಳಿ ಮಾತ್ರ. ಮಾಳಿಗೆ ಮನೆಯ ಕಾಲದಲ್ಲಿ ಓಣಿ ಈ ಗೆರೆಯ ಕೆಳಗಿತ್ತು. ಎರಡನೆಯ ಅಂತಸ್ತು ಎದ್ದ ದಿನವೇ ಗೆರೆ ದಾಟಿತು, ಮೂರನೆಯದಕ್ಕೆ 1.25 ಆಯಿತು.

ನನಗೆ ಹೆದರಿಕೆ ಇರುವುದು ಇದರ ಮುಂದಿನ ಹೆಜ್ಜೆಯ ಬಗ್ಗೆ. ಇನ್ನೆರಡು ಅಂತಸ್ತು ಏರಿ 16 ಮೀಟರ್ ಆದರೆ ಅನುಪಾತ 2 ಮುಟ್ಟುತ್ತದೆ. ಅಷ್ಟು ಆಳದ ಕಮರಿಯಲ್ಲಿ ಒಂದರ ಮೇಲೊಂದು ಎರಡು ಸುಳಿ ಏಳಬಹುದು. ಕೆಳಗಿನದು ಉಲ್ಟಾ ತಿರುಗುತ್ತದೆ, ಬಲವೂ ಕಡಿಮೆ. ಹೊಗೆ ಎದುರಿನ ಸಾಲಿಗೆ ಹೋಗುತ್ತದೆ, ಆದರೆ ಹೊರಗೆ ಹೋಗುವುದು ಮತ್ತಷ್ಟು ಕಷ್ಟ. ಕಾಕಾ ಅವರಿಗೆ ಕೊಂಚ ಹಗುರಾಗಬಹುದು. ಓಣಿಗೆ ಹಗುರಾಗುವುದಿಲ್ಲ.

ಇಷ್ಟರ ನಡುವೆ ಗಾಡಿಗಳು ಸುಧಾರಿಸಿದ್ದು ನಿಜ. 2000ರಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು, 2020ರಿಂದ ಹೊಸ ಗಾಡಿಗಳಿಗೆ ಬಿಎಸ್-6 ಬಂತು. ಚಿಗರಿ ಬಸ್ಸಿಗಾಗಿ ಪಿ.ಬಿ. ರಸ್ತೆ ಅಗಲವಾಯಿತು, ಅಲ್ಲಿ ಗಾಳಿಗೆ ಜಾಗ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ಇದೆ. ಆದರೆ ಊರಿನ ಹವೆ ಅಳೆಯುವ ಯಂತ್ರವನ್ನು ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿ ಇಡಬೇಕೆಂಬುದು ನಿಯಮ. ಗಲ್ಲಾದ ಎತ್ತರ, ಅದೂ ಒಂದೇ ಓಣಿಯ ಒಂದು ಪಕ್ಕ, ಆ ಅಂಕಿಯಲ್ಲಿ ಕಾಣುವುದಿಲ್ಲ.

ಬಿಸಿಲಿಗೆಂದು ಅಂಗಡಿಯಿಂದ ಅಂಗಡಿಗೆ ಅಡ್ಡ ಕಟ್ಟುವ ತಾಡಪಾಲು ಸುಳಿಯ ಬಾಯಿಯನ್ನೇ ಮುಚ್ಚುತ್ತದೆ. ಬಿಸಿಲಿನ ಕಷ್ಟ ಸುಳ್ಳಲ್ಲ, ಆದರೆ ಪೂರ್ತಿ ಮುಚ್ಚದೆ ನಡುವೆ ಜಾಗ ಬಿಟ್ಟು ಕಟ್ಟಬಹುದು. ಅದಕ್ಕಿಂತ ಮುಖ್ಯ, ಇಂಜಿನ್ ಚಾಲೂ ಇಟ್ಟುಕೊಂಡು ಸಾಮಾನು ಇಳಿಸುವ ಗಾಡಿಗಳನ್ನು ಸಂಜೆಯ ಗದ್ದಲದಿಂದ ಆಚೆಗೆ ಸರಿಸಬೇಕು. ಸುಳಿ ಸತ್ತ ಹೊತ್ತಿನಲ್ಲಿ ಹೊಗೆ ಕಡಿಮೆ ಮಾಡುವುದೊಂದೇ ಕೈಯಲ್ಲಿರುವ ದಾರಿ.

ಕಾಕಾ ಅವರಿಗೆ ಇದನ್ನೆಲ್ಲ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ, ಗಾಡಿಗಳು ಇನ್ನೂ ಕಡಿಮೆ ಇದ್ದಾಗ, ಪೂಜೆ ಮುಗಿಸಿ ಊದುಬತ್ತಿಯನ್ನು ಹೊರಗಿನ ಮೆಟ್ಟಿಲ ಮೇಲೆ ಹಿಡಿದರು. ಮೇಲೆ ಟೆರೇಸಿನ ಬಾವುಟ ಪೂರ್ವಕ್ಕೆ ಹಾರುತ್ತಿತ್ತು. ಊದುಬತ್ತಿಯ ಹೊಗೆ ಪಶ್ಚಿಮಕ್ಕೆ ಬಾಗಿ ನೇರ ಅಂಗಡಿಯೊಳಗೆ ಬಂತು. ಅವರು ಬಾವುಟ ನೋಡಿದರು, ಹೊಗೆ ನೋಡಿದರು, ಎದುರಿನ ಅಂಗಡಿಯವರನ್ನೂ ಕೂಗಿ ಕರೆದು ತೋರಿಸಿದರು.